ದಿನಾ ಒಗೆಯುವ ರೇಷ್ಮೆ

ರೇಷ್ಮೆಯ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹುಟ್ಟಿದ್ದು ಶಿಡ್ಲಘಟ್ಟದಲ್ಲಿ, ಗೂಡಿನಿಂದ ನೂಲು ಬಿಚ್ಚುವವರ ಮನೆಯಲ್ಲಿ. ಬೆಳಗ್ಗೆ ಎದ್ದರೆ ಬಿಸಿನೀರಿನ ಬಟ್ಟಲಲ್ಲಿ ಬೇಯುವ ಗೂಡಿನ ವಾಸನೆ, ಮಲಗುವಾಗಲೂ ಅದೇ. ಶಾಲೆಯಲ್ಲಿ ಪಕ್ಕದ ಹುಡುಗಿಯರು ಮೂಗು ಮುಚ್ಚಿಕೊಂಡರೆ ನಾನು ಇನ್ನಷ್ಟು ಹತ್ತಿರ ಸರಿದು ಕೂರುತ್ತಿದ್ದೆ. ಹಿಪ್ಪುನೇರಳೆ ತಿಂದ ಹುಳುವಿನ ನೂಲು ಮಾತ್ರ ರೇಷ್ಮೆ, ಉಳಿದದ್ದೆಲ್ಲ ಹೆಸರಿಗೆ ರೇಷ್ಮೆ ಎಂದು ನಂಬಿಕೊಂಡೇ ದೊಡ್ಡವಳಾದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ನನ್ನದು ಅದರ ತಿರುವು: ಹುಟ್ಟಿದ ಮನೆಯ ಕಸುಬೇ ಮುದ್ದು.

ಗಂಡ ಬ್ಯಾಂಕಿನಲ್ಲಿ. ವರ್ಗಾವಣೆಯ ಮೇಲೆ ಮೊದಲು ವಿಜಯವಾಡಕ್ಕೆ ಬಂದೆವು, ಮೂರು ವರ್ಷದ ನಂತರ ವಿಶಾಖಪಟ್ಟಣಕ್ಕೆ. ಅಲ್ಲಿನ ಮಧುರವಾಡದಲ್ಲಿ ಮನೆ ಹಿಡಿದ ಮೇಲೆ ಸುಮ್ಮನೆ ಕೂರಲಾಗದೆ, ಅಪಾರ್ಟ್‌ಮೆಂಟಿನ ಕೆಳಗೆ ಒಂದು ಸಣ್ಣ ಅಂಗಡಿ ತೆರೆದೆ. ರೇಷ್ಮೆ ಸೀರೆ ಒಗೆದು, ಉರುಳೆಗೆ ಸುತ್ತಿ ಸುಕ್ಕು ತೆಗೆದು ರೋಲಿಂಗ್ ಮಾಡಿ ಕೊಡುವ ಅಂಗಡಿ. ಇಲ್ಲಿನ ಹೆಂಗಸರು ಮದುವೆಗೆ ಉಟ್ಟ ಸೀರೆಯನ್ನು ತಂದು ನನ್ನ ಮೇಜಿನ ಮೇಲಿಟ್ಟು, 'ಜಾಗ್ರತ್ತ ಅಮ್ಮಾ' ಎಂದು ಎರಡು ಸಲ ಹೇಳಿ ಹೋಗುತ್ತಾರೆ. ಜಾಗ್ರತೆಯ ಪಾಠ ನನಗೆ ಬೇಡವೆಂದು ಮನಸ್ಸಿನಲ್ಲೇ ಗೊಣಗಿಕೊಂಡು ಚೀಟಿ ಬರೆಯುತ್ತೇನೆ.

ವಿಜಯವಾಡದಲ್ಲಿ ನಾವು ಬಾಡಿಗೆಗಿದ್ದದ್ದು ಒಂದು ಹಳೆಯ ಮನೆಯ ಮಹಡಿಯಲ್ಲಿ. ಮನೆಯೊಡತಿ ಎಂಬತ್ತು ದಾಟಿದ ತೆಲುಗು ಹೆಂಗಸು, ಎಲ್ಲರಿಗೂ ಅಮ್ಮಗಾರು. ಅವರ ಮನೆಯಲ್ಲಿ ದೇವರಿಗೆ ನಿತ್ಯ ನೈವೇದ್ಯ. ಅದನ್ನು ಮಾಡುತ್ತಿದ್ದವರು ಚಿಂತಾಮಣಿ ಕಡೆಯ ಒಬ್ಬ ವಿಧವೆ. ಹಿತ್ತಿಲಿನ ಒಂದು ಕೋಣೆಯಲ್ಲಿ ಅವರ ವಾಸ. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಆ ಬೀದಿಯಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಮಗಳು ಹೊಟ್ಟೆಯಲ್ಲಿದ್ದಾಗ ವಾಂತಿಯಾಗಿ ಏಳಲಾಗದೆ ಮಲಗಿದ್ದ ನನಗೆ ಮೆಣಸಿನ ಸಾರು ಮಾಡಿ, ಮೆಟ್ಟಿಲ ಮೇಲಿಟ್ಟು, ಕೆಳಗಿನಿಂದ ಕೂಗುತ್ತಿದ್ದರು. ಮಡಿಯಲ್ಲಿರುವಾಗ ಮೇಲೆ ಬರುವಂತಿಲ್ಲ, ಸಾರು ತಣ್ಣಗಾಗುವಂತಿಲ್ಲ. ಆ ಋಣ ನನ್ನ ಮೇಲಿದೆ.

ಮಡಿ ಎಂದರೆ ಆ ಮನೆಯಲ್ಲಿ ಆಟವಲ್ಲ. ಅಡುಗೆಗೆ ನಿಲ್ಲುವವರು ರೇಷ್ಮೆಯನ್ನೇ ಉಡಬೇಕು. ಅನೇಕ ಮನೆಗಳಲ್ಲಿ ರೇಷ್ಮೆಗೆ ದಿನವೂ ಒಗೆತ ಬೇಡ ಎನ್ನುತ್ತಾರೆ, ಅಮ್ಮಗಾರು ಮಾತ್ರ ಒಪ್ಪುವುದಿಲ್ಲ. ದಿನವೂ ಕೈಯಾರೆ ಒಗೆದು, ಯಾರೂ ಮುಟ್ಟದ ಹಾಗೆ ಒಣಗಿಸಿ, ಮರುದಿನ ಅದನ್ನೇ ಉಡಬೇಕು. ಹರಿದದ್ದು, ಹೊಲಿದದ್ದು ಮಡಿಗೆ ಬರುವುದಿಲ್ಲ. ವಿಜಯವಾಡದ ಬಿಸಿಲಿನಲ್ಲಿ, ಒಲೆಯ ಮುಂದೆ, ಬೆವರಿನಲ್ಲಿ ನೆನೆದ ರೇಷ್ಮೆಯನ್ನು ದಿನಾ ಸಾಬೂನು ಹಾಕಿ ತಿಕ್ಕಿದರೆ ಅದು ಎಷ್ಟು ದಿನ ಬಾಳೀತು? ನಮ್ಮ ರೇಷ್ಮೆ ಒಣಗಿದ್ದಾಗ ಗಟ್ಟಿ, ನೆನೆದಾಗ ಬಲ ಕಳೆದುಕೊಳ್ಳುತ್ತದೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ವಿಜಯವಾಡ ಬಿಡುವ ದಿನ ದೊಡ್ಡಮ್ಮನಿಗೆ ಒಂದು ಹಿಪ್ಪುನೇರಳೆ ರೇಷ್ಮೆ ಸೀರೆ ಕೊಟ್ಟು, 'ನಮ್ಮಪ್ಪ ತೆಗೆದ ನೂಲು ದೊಡ್ಡಮ್ಮ, ಹತ್ತು ವರ್ಷ ಬರುತ್ತೆ' ಎಂದಿದ್ದೆ.

ಹತ್ತು ತಿಂಗಳೂ ಬರಲಿಲ್ಲ. ಒಂದು ಮಧ್ಯಾಹ್ನ ದೊಡ್ಡಮ್ಮ ಫೋನು ಮಾಡಿದರು. ಅದೂ ಇದೂ ಕೇಳಿ, ಮಗಳ ಶಿಶುವಿಹಾರ ಕೇಳಿ, ಕೊನೆಗೆ ಧ್ವನಿ ತಗ್ಗಿಸಿದರು.

"ಮಡಿಕೆ ಬಿದ್ದ ಕಡೆ ಬಿಟ್ಕೊಂಡುಬಿಟ್ಟಿದೆ ಕಣೇ, ಸೊಂಟದ ಹತ್ರ. ಒಂದು ಗೇಣು. ಒಳಗಡೆ ಮಡಿಚಿ ಸಿಕ್ಕಿಸ್ಕೊತೀನಿ, ಕಾಣಲ್ಲ. ಅಮ್ಮಗಾರಿಗೆ ಹೇಳಿಲ್ಲ."

"ಇನ್ನೊಂದು ಕಳಿಸ್ತೀನಿ ದೊಡ್ಡಮ್ಮ."

"ನಾಲ್ಕೈದು ವರ್ಷದಲ್ಲಿ ಹರಿದದ್ದು ಇದು ಆರನೇದು. ನೀನೂ ಎಷ್ಟಂತ ಕಳಿಸ್ತೀಯ? ಬಿಡು, ಹೆಂಗೋ ತಳ್ಳಿದ್ರಾಯ್ತು. ಗೊತ್ತಾದ್ರೆ ಬೇರೆಯವರನ್ನ ಇಟ್ಕೊತಾರೆ, ಅಷ್ಟೇ ತಾನೆ. ಆಮೇಲೆ ಈ ಕೋಣೆನೂ ಬಿಡಬೇಕು."

ಅಷ್ಟೇ ತಾನೆ ಎಂದದ್ದು ನನ್ನ ಎದೆಗೆ ನಾಟಿತು. ಅರವತ್ತೆಂಟು ವರ್ಷದ ಹೆಂಗಸಿಗೆ ಇನ್ನೊಂದು ಊರಿಲ್ಲ, ಇನ್ನೊಂದು ಒಲೆಯಿಲ್ಲ. ಅಪ್ಪನ ನೂಲು ಎಂದು ಬಡಾಯಿ ಕೊಚ್ಚಿ ಕೊಟ್ಟ ಸೀರೆ ಅವರನ್ನು ಕಳ್ಳಿಯಂತೆ ಬದುಕುವ ಹಾಗೆ ಮಾಡಿದೆ. ದಿನಾ ಒಗೆದರೂ ಹರಿಯದ ರೇಷ್ಮೆಯನ್ನು ಹುಡುಕಿಕೊಡದೆ ಬಿಡುವುದಿಲ್ಲ ಎಂದು ಆ ಹೊತ್ತಿಗೇ ನಿಶ್ಚಯಿಸಿದೆ. ಗಂಡ ನಕ್ಕರು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವುದು ಅವರಿಗೆ ಮದುವೆಯಾದ ವಾರದಲ್ಲೇ ತಿಳಿದ ಸಂಗತಿ.

ಮೊದಲು ಎಡವಿದ್ದು ನಾನೇ, ಅದೂ ಜಾಣತನದಿಂದ. ಒಡಿಶಾದ ಕಡೆಯ ನೇಕಾರರು ಊರಿನಲ್ಲಿ ಮಾರಾಟದ ಮಳಿಗೆ ಹಾಕಿದ್ದರು. ಅಲ್ಲಿ ಟಸ್ಸಾರ್ ಸೀರೆಗಳ ರಾಶಿ. ಟಸ್ಸಾರ್ ಹುಳು ಹಿಪ್ಪುನೇರಳೆ ಮುಟ್ಟುವುದಿಲ್ಲ, ಕಾಡಿನ ಮತ್ತಿ ಮರದ ಎಲೆ ತಿನ್ನುತ್ತದೆ. ನೂಲಿಗೆ ಹುಟ್ಟಿನಿಂದಲೇ ಜೇನಿನ ಬಣ್ಣ. ಹೊಳಪು ನಮ್ಮದರಂತೆ ಕಣ್ಣು ಕುಕ್ಕುವುದಿಲ್ಲ, ಸವೆದ ಹಿತ್ತಾಳೆಯ ಪಾತ್ರೆಯ ಹಾಗೆ ಒಳಗೊಳಗೇ ಮಿನುಗುತ್ತದೆ. ಮುಟ್ಟಿದರೆ ಒರಟು, ಅಲ್ಲಲ್ಲಿ ಗಂಟು ಗಂಟು, ಮಡಿಸಿದರೆ ಗರಿಗರಿ ಎನ್ನುತ್ತದೆ. ಎಳೆ ನಮ್ಮ ಎಳೆಗಿಂತ ಕಣ್ಣಿಗೆ ಕಾಣುವಷ್ಟು ದಪ್ಪ. ದಪ್ಪ ಇದ್ದ ಮೇಲೆ ಗಟ್ಟಿ ಇರಲೇಬೇಕು ಎಂದುಕೊಂಡು, ಕೆಂಪು ಅಂಚಿನ ಒಂದನ್ನು ತಂದೆ.

ಮನೆಗೆ ತಂದು ನೋಡಿದರೆ ಬಹಳ ಬಿರುಸು. ಇಲ್ಲಿ ನನ್ನೊಳಗಿನ ಶಿಡ್ಲಘಟ್ಟದವಳು ಎದ್ದು ಕೂತಳು. ನಮ್ಮಲ್ಲಿ ನೂಲು ಬಿರುಸಾಗಿದ್ದರೆ ಅಂಟು ಉಳಿದಿದೆ ಎಂದೇ ಅರ್ಥ. ಸಾಬೂನು, ಸೋಡಾ ಹಾಕಿ ಕುದಿಸಿದರೆ ಅಂಟು ಬಿಟ್ಟು ನೂಲು ಮೆತ್ತಗಾಗಿ ಹೊಳೆಯುತ್ತದೆ. ಅದನ್ನು ನೂಲಿಗೆ ಮಾಡುತ್ತಾರೆ, ಬಣ್ಣ ಹಾಕುವ ಮೊದಲು ಮಾಡುತ್ತಾರೆ, ಹಿಪ್ಪುನೇರಳೆಗೆ ಮಾಡುತ್ತಾರೆ. ನಾನು ನೇಯ್ದು, ಬಣ್ಣ ಹಾಕಿ ಮುಗಿಸಿದ ಟಸ್ಸಾರ್ ಸೀರೆಯನ್ನು ದೊಡ್ಡ ಪಾತ್ರೆಯಲ್ಲಿ ಸೋಡಾ ನೀರಿಗೆ ಹಾಕಿ ಕುದಿಸಿದೆ. ಗೂಡನ್ನೇ ಕಾಣದ ಮಂಗಳೂರಿನವರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ, ಅವರಿಗೆ ಇಷ್ಟು ಗೊತ್ತೇ ಇರುತ್ತಿರಲಿಲ್ಲ. ಮುಚ್ಚಳ ತೆಗೆದಾಗ ನೀರು ಕೆಂಪಾಗಿತ್ತು. ಅಂಚಿನ ಬಣ್ಣ ಒಡಲಿಗೆಲ್ಲ ಹರಿದು, ಜೇನಿನ ಬಣ್ಣದ ಮೇಲೆ ತುಕ್ಕು ಕಲೆಯಂತೆ ಕೂತಿತ್ತು. ಗರಿಗರಿ ಎನ್ನುತ್ತಿದ್ದದ್ದು ಅಂಟಿನ ದೋಷವಲ್ಲ, ಆ ಬಟ್ಟೆಯ ಬೆನ್ನೆಲುಬು. ಅದು ಹೋದ ಮೇಲೆ ಸೀರೆ ಬಾಡಿದ ಬಾಳೆಲೆಯ ಹಾಗೆ ಜೋತುಬಿತ್ತು.

ಆದರೂ ಕಳಿಸಿದೆ. ಮೆತ್ತಗಾಗಿದೆಯಲ್ಲ, ಮಡಿಗೆ ಕಲೆಯಿದ್ದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹನ್ನೆರಡನೇ ದಿನ ದೊಡ್ಡಮ್ಮನ ಫೋನು ಬಂತು. ಕುಕ್ಕರಗಾಲಲ್ಲಿ ಕೂತು ತರಕಾರಿ ಹೆಚ್ಚುವಾಗ ಹಿಂಭಾಗದಲ್ಲಿ ನೂಲು ನೂಲೇ ಸರಿದು, ಬಟ್ಟೆ ಜರಡಿಯಾಗಿತ್ತು. ಎಳೆ ಒಂದೂ ತುಂಡಾಗಿರಲಿಲ್ಲ, ನೇಯ್ಗೆ ಸಡಿಲವಾಗಿತ್ತು. ಸಾಲದ್ದಕ್ಕೆ ಕಲೆಯನ್ನು ಅಮ್ಮಗಾರು ನೋಡಿಬಿಟ್ಟಿದ್ದರು.

"ಬಣ್ಣ ಬಿಡೋ ಬಟ್ಟೆ ಉಟ್ಕೊಂಡು ನೈವೇದ್ಯ ಮಾಡ್ತೀಯಾ ಅಂದ್ರು. ಕಾರ್ತಿಕ ಶುರುವಾಗೋ ಹೊತ್ತಿಗೆ ಸರಿಯಾದ ಪಟ್ಟು ಸೀರೆ ಇರಬೇಕಂತೆ. ಇಲ್ದಿದ್ರೆ ಬೇರೆ ಏರ್ಪಾಡು ಮಾಡ್ಕೊತೀನಿ ಅಂದ್ರು. ಈಗ ನಿಂದೇ ಹಳೇದು ಉಡ್ತಿದೀನಿ ಕಣೇ, ಆ ಹರಿದದ್ದು."

ಕಾರ್ತಿಕಕ್ಕೆ ಎರಡು ತಿಂಗಳೂ ಇರಲಿಲ್ಲ. ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅಪ್ಪ ಬೈಯಲಿಲ್ಲ, ಅದು ಬೈಗುಳಕ್ಕಿಂತ ಕಷ್ಟವಾಯಿತು.

"ದಪ್ಪ ಇದ್ರೆ ಗಟ್ಟಿ ಅಂತ ಯಾರಮ್ಮ ಹೇಳಿದ್ದು ನಿಂಗೆ? ಒಂದೇ ತೂಕದ ನೂಲು ಎಲ್ಡೂ ಕೈಲಿ ಇಡ್ಕೊಂಡು ಎಳ್ದು ನೋಡು. ನಮ್ದೇ ಗೆಲ್ತದೆ. ಆದ್ರೆ ಎಳ್ಯೋದು ಬೇರೆ, ಒಗ್ಯೋದು ಬೇರೆ. ನಮ್ಮ ನೂಲು ದಿನಾ ಕಲ್ಲಿಗೆ ತಿಕ್ಕಿಸ್ಕೊಳಾಕೆ ಹುಟ್ಟಿಲ್ಲ ಕಣವ್ವ."

ಜೀವಮಾನವೆಲ್ಲ ಆ ನೂಲಿನಲ್ಲೇ ಬೆಂದವನ ಬಾಯಲ್ಲಿ ಆ ಮಾತು ಕೇಳಿ ನನ್ನ ಅರ್ಧ ಜಂಭ ಇಳಿಯಿತು. ಉಳಿದರ್ಧ ಇಳಿಸಿದ್ದು ನಮ್ಮ ಮೂರನೇ ಮಹಡಿಯ ಹೆಂಗಸು. ಅಸ್ಸಾಮಿನವಳು, ಗಂಡ ನೌಕಾಪಡೆಯಲ್ಲಿ. ಆ ವಾರವೇ ಅವಳು ಎಣ್ಣೆ ಕಲೆಯಾದ ಒಂದು ಶಾಲು ತಂದಳು. ಹಾಲಿನ ಕೆನೆಯ ಬಣ್ಣ, ಹೊಳಪೇ ಇಲ್ಲ, ಕೆನ್ನೆಗೆ ಒತ್ತಿಕೊಳ್ಳಬೇಕು ಎನ್ನಿಸುವಷ್ಟು ಮೃದು. ಚೀಟಿಯಲ್ಲಿ ಉಣ್ಣೆ ಎಂದು ಬರೆದೆ. ಅವಳು ಓದಿ ಚೀಟಿ ವಾಪಸು ಕೊಟ್ಟಳು. ಉಣ್ಣೆಯಲ್ಲ, ರೇಷ್ಮೆ, ಎರಿ ರೇಷ್ಮೆ ಎಂದಳು ಹಿಂದಿಯಲ್ಲಿ. ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಅದು ಅವಳ ಅಜ್ಜಿಯ ಶಾಲಂತೆ, ಮೂವರು ಹೊದ್ದು ಅವಳಿಗೆ ಬಂದಿದೆ, ಬಕೆಟ್ಟಿನಲ್ಲಿ ಮನೆಯಲ್ಲೇ ಒಗೆಯುತ್ತಾರೆ, ಒಗೆದಷ್ಟೂ ಮೆತ್ತಗಾಗಿದೆ. ನನ್ನ ಹತ್ತಿರ ತಂದದ್ದು ಕಲೆಯೊಂದಕ್ಕಾಗಿ.

ಅಂಚಿನ ಒಂದು ದಾರ ಕಿತ್ತು ಸುಟ್ಟು ನೋಡಿದೆ. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬೂದಿ. ಉಣ್ಣೆಗೂ ಇದೇ ವಾಸನೆ, ಆದರೆ ಉಣ್ಣೆಯ ಒರಟು ಚುಚ್ಚು ಈ ದಾರಕ್ಕಿಲ್ಲ. ರೇಷ್ಮೆಯೇ. ಆದರೆ ದಾರ ಹತ್ತಿಯ ದಾರದಂತೆ ನೂತದ್ದು. ಅವಳು ವಿವರಿಸಿದಳು: ಎರಿ ಹುಳು ಹರಳೆಣ್ಣೆ ಗಿಡದ ಎಲೆ ತಿನ್ನುತ್ತದೆ, ಅದು ಕಟ್ಟುವ ಗೂಡಿಗೆ ಒಂದು ಕಡೆ ಬಾಯಿ ತೆರೆದೇ ಇರುತ್ತದೆ, ಒಂದೇ ಉದ್ದ ಎಳೆ ಸಿಗುವುದಿಲ್ಲ. ಹಿಂಜಿ ನೂಲಬೇಕು. ನಮ್ಮ ಮನೆಯಲ್ಲಿ ತೂತು ಬಿದ್ದ ಗೂಡನ್ನು ಬೇರೆ ಬುಟ್ಟಿಗೆ ಎಸೆಯುತ್ತಿದ್ದೆವು. ಎಸೆಯುವ ಕೆಲಸ ನನ್ನದೇ ಆಗಿತ್ತು.

ಈ ಸಲ ನಾನು ಯಾರ ಮಾತನ್ನೂ ನಂಬಲಿಲ್ಲ, ನನ್ನ ಮಾತನ್ನಂತೂ ಇಲ್ಲವೇ ಇಲ್ಲ. ಅವಳಿಂದ ಒಂದು ತುಂಡು ಎರಿ ಬಟ್ಟೆ ಪಡೆದೆ. ನನ್ನ ಪೆಟ್ಟಿಗೆಯ ಒಂದು ಹಿಪ್ಪುನೇರಳೆ ರವಿಕೆ ಕಣ ಕತ್ತರಿಸಿದೆ. ಟಸ್ಸಾರಿಗೆ ಅನ್ಯಾಯವಾಗಬಾರದೆಂದು ಕುದಿಸದ ಹೊಸ ತುಂಡನ್ನೇ ಕೊಂಡೆ. ಮೂರೂ ಒಂದೊಂದು ಗೇಣು ಅಗಲ, ಒಂದೊಂದು ಮೊಳ ಉದ್ದ. ಅಂಗಡಿಯಲ್ಲಿ ಒಗೆಯುವ ಹಾಗೆ ಉಪಚಾರ ಮಾಡಬಾರದು, ದೊಡ್ಡಮ್ಮ ಒಗೆಯುವ ಹಾಗೆಯೇ ಒಗೆಯಬೇಕು ಎಂದು ಗೆರೆ ಎಳೆದುಕೊಂಡೆ. ಉಪ್ಪು ಕಲಸಿದ ನೀರಲ್ಲಿ ಅದ್ದಿದೆ, ಅದು ಬೆವರಿನ ಲೆಕ್ಕ. ಬಾರ್ ಸಾಬೂನು ಹಚ್ಚಿ ತಿಕ್ಕಿದೆ, ಹಿಂಡಿದೆ, ಒಂದೇ ಕಡೆ ಮಡಿಸಿ ಬಾಲ್ಕನಿಯಲ್ಲಿ ಹಾಕಿದೆ. ದಿನಾ. ಜ್ವರ ಬಂದ ಎರಡು ದಿನ ಗಂಡನ ಕೈಲಿ ಮಾಡಿಸಿದೆ. ಅವರು ಬ್ಯಾಂಕಿಗೆ ಹೋಗುವ ಮುನ್ನ ಗೊಣಗಿಕೊಂಡು ಮೂರು ಚಿಂದಿ ಒಗೆದರು.

ಮೊದಲ ಒಗೆತಕ್ಕೇ ಟಸ್ಸಾರ್ ಮುಖ ಸಪ್ಪೆ ಮಾಡಿಕೊಂಡಿತು. ಬಿರುಸು ಇಳಿಯಿತು, ನೀರಿನ ಹನಿ ಬಿದ್ದು ಒಣಗಿದ ಕಡೆಯೆಲ್ಲ ಉಂಗುರದ ಗುರುತು. ದಿನ ಕಳೆದಂತೆ ಗಂಟುಗಳ ಅಕ್ಕಪಕ್ಕ ಎಳೆ ಸರಿದು ಸಣ್ಣ ಕಿಟಕಿಗಳು ತೆರೆದವು. ಎಳೆ ಮಾತ್ರ ಕೊನೆಯವರೆಗೂ ಜಗ್ಗಲಿಲ್ಲ, ಬೈಯುವುದಾದರೆ ಎಳೆಯನ್ನು ಬೈಯಬಾರದು. ಅದು ಉಟ್ಟು, ಗಾಳಿಗೆ ಹಾಕಿ, ಮಡಿಸಿಡುವ ಬಟ್ಟೆ. ವರ್ಷಕ್ಕೊಮ್ಮೆ ಡ್ರೈ ಕ್ಲೀನಿಗೆ ಕೊಟ್ಟರೆ ಮರ್ಯಾದೆಯಿಂದ ಬಾಳುತ್ತದೆ.

ನಮ್ಮದು ಎರಡನೇ ವಾರದವರೆಗೆ ಸೊಗಸಾಗಿತ್ತು. ಒಣಗಲು ಒಂದು ಗಂಟೆಯೂ ಬೇಡ, ಬೆರಳಿಗೆ ನೀರಿನಂತೆ ಜಾರುತ್ತಿತ್ತು. ಆಮೇಲೆ ಮೊದಲು ಹೊಳಪು ಹೋಯಿತು. ನಂತರ ಮಡಿಕೆಯ ಗೆರೆಯ ಮೇಲೆ ಬಿಳಿ ನವಿರು ಎದ್ದಿತು, ಸಣ್ಣ ಎಳೆಗಳು ಸವೆದು ತುಂಡಾಗುತ್ತಿದ್ದವು. ಮೂವತ್ತಾರನೇ ದಿನ ಹಿಂಡುವಾಗ ಆ ಗೆರೆಯ ಉದ್ದಕ್ಕೂ ಬಿಟ್ಟುಕೊಂಡಿತು. ಕೈಯಲ್ಲಿ ಎರಡು ತುಂಡು ಹಿಡಿದು ಬಾಲ್ಕನಿಯಲ್ಲಿ ನಿಂತಾಗ ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಎರಿಯ ದೋಷಗಳನ್ನೂ ಹೇಳಬೇಕು. ನೆನೆದರೆ ಭಾರ, ಸಂಜೆಯವರೆಗೆ ಒಣಗುವುದಿಲ್ಲ. ಮೇಲೆ ಸಣ್ಣ ಸಣ್ಣ ಜುಂಗಿನ ಉಂಡೆ ಏಳುತ್ತವೆ, ಸ್ವೆಟರಿನ ಮೇಲೆ ಏಳುವ ಹಾಗೆ. ಅದರಿಂದ ಬಿಡಿಸಿದ ಒಂಟಿ ದಾರವನ್ನು ಎಳೆದರೆ ನಮ್ಮದಕ್ಕಿಂತ ಮೊದಲು ಕಿತ್ತು ಬರುತ್ತದೆ. ಹೊಳಪಿನ ಮಾತೇ ಬೇಡ. ಆದರೆ ನಲವತ್ತು ದಿನ ಕಳೆದ ಮೇಲೆ ಆ ತುಂಡು ಮೊದಲಿಗಿಂತ ಮೆತ್ತಗಾಗಿ, ಮಡಿಕೆಯಲ್ಲಿ ಒಂದು ಎಳೆಯೂ ಬಿಡದೆ ತಂತಿಯ ಮೇಲೆ ನೇತಾಡುತ್ತಿತ್ತು. ನಾನು, ಗಂಡ ಎರಡು ತುದಿ ಹಿಡಿದು ಜಗ್ಗಿದೆವು. ಅವರು ಮುಗ್ಗರಿಸಿದರು, ಬಟ್ಟೆ ಹರಿಯಲಿಲ್ಲ.

ನಲವತ್ತು ದಿನ ಮುಗಿಯುವವರೆಗೆ ಕಾದಿದ್ದರೆ ಕಾರ್ತಿಕ ತಪ್ಪುತ್ತಿತ್ತು. ಇಪ್ಪತ್ತನೇ ದಿನಕ್ಕೇ ಮೂರನೇ ಮಹಡಿಯವಳಿಗೆ ಹೇಳಿ, ಅವಳ ಊರಿನ ಮಗ್ಗದಿಂದ ಎರಡು ಸೀರೆ ತರಿಸಿದ್ದೆ. ಸಣ್ಣ ನೂಲಿನವು, ಬಣ್ಣ ಹಾಕದವು, ಅಂಚಿಲ್ಲದವು. ಒಂದು ಒಣಗುವಾಗ ಇನ್ನೊಂದು ಉಡಲಿ ಎಂದು ಎರಡು. ಅವು ಬಂದ ದಿನ ಅವಳನ್ನು ಒಂದು ಮಾತು ಕೇಳಿದೆ. ಎರಿ ಗೂಡಿನಿಂದ ಚಿಟ್ಟೆ ತಾನಾಗಿ ಹಾರಿಹೋಗುತ್ತದೆ, ಹಿಂಸೆಯಿಲ್ಲದ ರೇಷ್ಮೆ ಎಂದು ಎಲ್ಲೋ ಓದಿದ್ದೆ. ಮಡಿಯವರ ಮುಂದೆ ಇಡಲು ಇದಕ್ಕಿಂತ ಒಳ್ಳೆಯ ಮಾತು ಸಿಕ್ಕೀತೆ? ಅವಳು ನಕ್ಕುಬಿಟ್ಟಳು. ಕೆಲವರು ಹಾರಲು ಬಿಡುತ್ತಾರೆ, ನಮ್ಮ ಮನೆಯಲ್ಲಿ ಒಳಗಿನ ಹುಳು ತೆಗೆದು ಹುರಿದು ತಿನ್ನುತ್ತೇವೆ, ಬಹಳ ರುಚಿ ಎಂದಳು. ಆ ಎರಡು ಸೀರೆಯ ಗೂಡು ಯಾವ ಮನೆಯದು ಎಂದು ಅವಳಿಗೂ ತಿಳಿಯದು.

ವಿಶಾಖಪಟ್ಟಣದ ಹೊರಗಿನ ದುವ್ವಾಡದಲ್ಲಿ ರೈಲು ಹತ್ತಿ ವಿಜಯವಾಡ ಮುಟ್ಟುವವರೆಗೆ ಆ ಹುಳು ನನ್ನ ತಲೆಯಲ್ಲಿ ಹರಿದಾಡಿತು. ಕೇಳದಿದ್ದರೆ ಹೇಳುವುದು ಬೇಡ, ಕೇಳಿದರೆ ಸುಳ್ಳು ಹೇಳುವುದು ಬೇಡ ಎಂದು ನಡುವೆ ತುನಿ ಸ್ಟೇಷನ್ ದಾಟುವ ಹೊತ್ತಿಗೆ ತೀರ್ಮಾನ ಮಾಡಿಕೊಂಡೆ.

ಅಮ್ಮಗಾರು ಹಿತ್ತಿಲ ಜಗುಲಿಯಲ್ಲಿ ಕುರ್ಚಿ ಹಾಕಿಸಿ ಕೂತರು. ದೊಡ್ಡಮ್ಮ ಕಂಬಕ್ಕೆ ಒರಗಿ ನಿಂತರು. ನಾನು ಸೀರೆ ಬಿಚ್ಚಿದೆ. ಅಮ್ಮಗಾರು ಮುಟ್ಟಲಿಲ್ಲ, ಬಗ್ಗಿ ನೋಡಿದರು. ಅಲ್ಲಿ ಎಲ್ಲರೂ ತೆಲುಗಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

"ಏಮ್ಮಾ, ಇದು ಹತ್ತಿ ನೂಲಿನ ಸೀರೆ. ಹೊಳಪೆಲ್ಲಿದೆ?"

"ಹೊಳಪು ಇಲ್ಲ ಅಮ್ಮಗಾರು. ರೇಷ್ಮೆ ಹೌದು."

ಮೂರು ಬಟ್ಟೆಯಿಂದಲೂ ಒಂದೊಂದು ದಾರ ತಂದಿದ್ದೆ. ಅಂಗಳದಲ್ಲಿ ಕೂತು ಒಂದೊಂದಾಗಿ ಕಡ್ಡಿ ಗೀರಿ ಸುಟ್ಟೆ. ಮೂರಕ್ಕೂ ಒಂದೇ ವಾಸನೆ. ಕೊನೆಗೆ ಹತ್ತಿಯ ದಾರ ಸುಟ್ಟೆ, ಕಾಗದದ ವಾಸನೆ ಬಂತು. ಅಮ್ಮಗಾರಿಗೆ ಕಣ್ಣು ಮಂಜು, ಮೂಗು ಚುರುಕು. ತಲೆಯಾಡಿಸಿದರು. ನಂತರ ನಲವತ್ತು ದಿನ ಒಗೆದ ಮೂರು ಚಿಂದಿಗಳನ್ನು ಅವರ ಕಾಲ ಬಳಿ ಹಾಸಿ, ಎರಡು ತುಂಡಾದದ್ದು ನನ್ನ ತವರಿನ ರೇಷ್ಮೆ ಎಂದು ಹೇಳಿದೆ.

ಅವರು ಕುರ್ಚಿಯನ್ನು ಒಂದು ಗೇಣು ಮುಂದೆ ಎಳೆದುಕೊಂಡರು. ಆಮೇಲೆ ನಾನು ಹೆದರಿದ್ದ ಪ್ರಶ್ನೆಯೇ ಬಂತು. "ಇದರಲ್ಲಿ ಹುಳು ಸಾಯುತ್ತದೆಯೋ ಇಲ್ಲವೋ?"

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದೊಡ್ಡಮ್ಮ ನನ್ನನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಅಮ್ಮಗಾರು. ಕೆಲವರು ಹಾರಲು ಬಿಡುತ್ತಾರೆ, ಕೆಲವರು ತೆಗೆದು ತಿನ್ನುತ್ತಾರೆ. ಇದು ಯಾವುದೋ ನನಗೆ ತಿಳಿಯದು. ನೀವು ಉಟ್ಟಿರುವ ಪಟ್ಟು ಸೀರೆಯಲ್ಲಿ ಮಾತ್ರ ಒಂದು ಹುಳುವೂ ಬದುಕಿಲ್ಲ. ಅದನ್ನು ಬೇಯಿಸುವವರು ನಮ್ಮ ಮನೆಯವರೇ. ಆ ಗೂಡಿನ ನೀರಲ್ಲಿ ಕೈ ಅದ್ದಿಯೇ ನಾನು ಬೆಳೆದದ್ದು."

ಹೇಳಿದ ಮೇಲೆ ಮಾತು ಬಹಳ ಖಾರವಾಯಿತು ಎಂದು ಅನ್ನಿಸಿತು. ಅಮ್ಮಗಾರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ದೊಡ್ಡಮ್ಮ ಕಂಬ ಬಿಟ್ಟು ಮುಂದೆ ಬಂದರು. ಹದಿನಾಲ್ಕು ವರ್ಷ ಆ ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟವರು ಅವರು.

"ನಾನೂ ಒಂದು ಹೇಳಬೇಕು ಅಮ್ಮಗಾರು. ಐದು ತಿಂಗಳಿಂದ ಹರಿದ ಸೀರೆ ಉಟ್ಟು ನೈವೇದ್ಯ ಮಾಡಿದ್ದೇನೆ. ಹರಿದದ್ದನ್ನು ಒಳಗೆ ಸಿಕ್ಕಿಸಿಕೊಂಡು. ಈಗಲೂ ಅದೇ ಉಟ್ಟಿದ್ದೇನೆ." ಸೊಂಟದ ಸೆರಗು ಸರಿಸಿ ತೋರಿಸಿದರು. ಗೇಣುದ್ದ ಇದ್ದದ್ದು ಮೊಳದುದ್ದವಾಗಿತ್ತು. "ನಿಮಗೆ ಹೇಳದೆ ಮಾಡಿದ್ದು ತಪ್ಪು. ದೇವರು ಉಂಡ. ನೀವೂ ಉಂಡಿರಿ. ಈ ಹುಡುಗಿ ಹುಳುವಿನ ವಿಷಯದಲ್ಲೂ ಸುಳ್ಳು ಹೇಳಲಿಲ್ಲ, ನಾನು ಬಟ್ಟೆಯ ವಿಷಯದಲ್ಲಿ ಹೇಗೆ ಸುಮ್ಮನಿರಲಿ?"

ಮುಗಿಯಿತು ಎಂದುಕೊಂಡೆ. ಕೋಣೆ ಹೋಯಿತು, ಒಲೆ ಹೋಯಿತು, ನಾನೇ ಬಂದು ಎಲ್ಲ ಕೆಡಿಸಿದೆ. ದೊಡ್ಡಮ್ಮನನ್ನು ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋಗುವುದು, ಮಗಳ ಕೋಣೆಯಲ್ಲಿ ಮಂಚ ಹಾಕುವುದು, ಆಗಲೇ ಲೆಕ್ಕ ಹಾಕತೊಡಗಿದ್ದೆ.

ಅಮ್ಮಗಾರು ಆ ಹರಿದ ಜಾಗವನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ನೆನೆದರೆ ಇದು ಎಷ್ಟು ಭಾರ?"

"ಒದ್ದೆ ಕಂಬಳಿಗಿಂತ ಕಡಿಮೆ, ಪಟ್ಟು ಸೀರೆಗಿಂತ ಬಹಳ ಹೆಚ್ಚು."

"ಇವಳ ಕೈಲಿ ಹಿಂಡಲಾಗುತ್ತದೆಯೇ?"

"ಹಿಂಡಬಾರದು ಅಮ್ಮಗಾರು. ಬಾರ್ ಸಾಬೂನೂ ಬೇಡ, ಅದು ಯಾವ ರೇಷ್ಮೆಗೂ ಆಗುವುದಿಲ್ಲ. ಅಂಟುವಾಳ ಕಾಯಿಯ ನೀರಲ್ಲಿ ಅದ್ದಿ, ಒತ್ತಿ, ನೀರು ಇಳಿಯಲು ಬಿಟ್ಟು, ನೆರಳಲ್ಲಿ ಹಾಕಬೇಕು."

ಅವರು ತಲೆಯೆತ್ತಿ ಅಡುಗೆಮನೆಯ ಪಕ್ಕದ ನಡುಮನೆ ನೋಡಿದರು. ಅಲ್ಲಿ ಸೂರಿನಿಂದ ಹಗ್ಗದಲ್ಲಿ ಇಳಿಬಿಟ್ಟ ಒಂದು ಬಿದಿರು ಗಳ, ಯಾರ ತಲೆಯೂ ಕೈಯೂ ತಾಕದಷ್ಟು ಎತ್ತರಕ್ಕೆ. ಮಡಿ ಬಟ್ಟೆಯನ್ನು ಕೋಲಿನಿಂದ ಎತ್ತಿ ಅದರ ಮೇಲೆ ಹರಡಬೇಕು.

"ಅಷ್ಟು ಭಾರವನ್ನು ಇವಳು ಕೋಲಿನಲ್ಲಿ ಎತ್ತಲಾರಳು," ಎಂದರು ಅಮ್ಮಗಾರು. "ಆ ಗಳ ತಗ್ಗಿಸಬೇಕು. ಈಗ ಯಾರಿದ್ದಾರೆ? ನೀನೇ ಹತ್ತಿ ಬಿಚ್ಚು."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆ ಮನೆಯಲ್ಲಿ ಮೂರು ವರ್ಷ ಬಾಡಿಗೆಗಿದ್ದವಳು ಆ ನಡುಮನೆಯ ಹೊಸ್ತಿಲು ಒಮ್ಮೆಯೂ ದಾಟಿರಲಿಲ್ಲ. ದಾಟಬಾರದೆಂದು ಯಾರೂ ಹೇಳಿರಲಿಲ್ಲ, ದಾಟು ಎಂದೂ ಹೇಳಿರಲಿಲ್ಲ. ರೈಲಿನಲ್ಲಿ ಬಂದ ಮೈ, ಸ್ನಾನವಿಲ್ಲ, ಚೂಡಿದಾರ, ಮೇಲಾಗಿ ಗೂಡು ಬೇಯಿಸುವವರ ಮಗಳು ಎಂದು ಈಗಷ್ಟೇ ನನ್ನ ಬಾಯಿಂದಲೇ ಹೇಳಿದ್ದೆ. ಹೊಸ್ತಿಲು ದಾಟಿ, ಸ್ಟೂಲು ಎಳೆದುಕೊಂಡು ಹತ್ತಿದೆ. ಹಗ್ಗದ ಗಂಟು ವರ್ಷಗಳ ಹೊಗೆಗೆ ಕಲ್ಲಾಗಿತ್ತು. ಉಗುರು ಕಿತ್ತುಬರುವಂತೆ ಜಗ್ಗಿ ಬಿಚ್ಚಿದೆ, ಎರಡು ಮೊಳ ಇಳಿಸಿ ಮತ್ತೆ ಕಟ್ಟಿದೆ, ಆ ಕಡೆಯದೂ ಹಾಗೆಯೇ. ಗಳವನ್ನು ಎರಡು ಕೈಯಲ್ಲೂ ಹಿಡಿದು ಜೋತುಬಿದ್ದು ನೋಡಿದೆ. ಗಟ್ಟಿಯಾಗಿತ್ತು.

ಅಮ್ಮಗಾರು ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ನಾನು ಮುಟ್ಟಿದ ಗಳ ತೊಳೆ ಎಂದು ದೊಡ್ಡಮ್ಮನಿಗೆ ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ.

ದೊಡ್ಡಮ್ಮ ಬಾವಿಯ ಬಳಿ ಹೋಗಿ ಹೊಸ ಸೀರೆಯನ್ನು ಅದ್ದಿದರು. ನೀರು ಸೋರುತ್ತಿದ್ದ ಆ ಭಾರವನ್ನು ಎದೆಗೆ ಅವಚಿಕೊಂಡು ಬಂದು, ಕೋಲು ಮುಟ್ಟದೆ, ಕೈಯಿಂದಲೇ ನಾನು ಹಿಡಿದಿದ್ದ ಗಳದ ಮೇಲೆ ಹರಡಿದರು.